ಎರಡು ಲಕ್ಷದ ಚೆಕ್ಕಿಗೆ ಎರಡೂವರೆ ಲಕ್ಷದ ನೋಟಿಸ್

ದಾವಣಗೆರೆಯಲ್ಲೊಂದು ಹಾರ್ಡ್‌ವೇರ್ ಅಂಗಡಿ ಎಂದಿಟ್ಟುಕೊಳ್ಳಿ. ಗುತ್ತಿಗೆದಾರರೊಬ್ಬರು ಸಿಮೆಂಟು, ಕಬ್ಬಿಣ ಅಂತ ಎರಡೂವರೆ ಲಕ್ಷ ರೂಪಾಯಿ ಉದ್ರಿ ಮಾಡಿದ್ದಾರೆ. ಅದರಲ್ಲಿ 2,00,000 ರೂಪಾಯಿಗೆ ಚೆಕ್ ಕೊಟ್ಟರು, ಉಳಿದದ್ದಕ್ಕೆ ಬಾಯಿಮಾತು. ಜನವರಿ 12ರಂದು ಚೆಕ್ ವಾಪಸ್ ಬಂತು. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಬ್ಯಾಂಕಿನ ರಿಟರ್ನ್ ಮೆಮೊ ಹೇಳುತ್ತಿತ್ತು.

ಸಿಟ್ಟಿನಲ್ಲಿರುವ ಅಂಗಡಿಯವರಿಗೆ ನೇರವಾಗಿ ಕೋರ್ಟಿಗೆ ಹೋಗುವ ಮನಸ್ಸು. ಆದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಚೆಕ್ ವಾಪಸ್ ಬಂದ ಮಾತ್ರಕ್ಕೆ ಅಪರಾಧ ಪೂರ್ತಿಯಾಗುವುದಿಲ್ಲ. ಹಣ ಕೇಳಿ ಲಿಖಿತ ನೋಟಿಸ್ ಕೊಡಬೇಕು. ಅದು ತಲುಪಿ 15 ದಿನ ಕಳೆದರೂ ಹಣ ಬಾರದಿದ್ದರೆ ಆಗ ಮಾತ್ರ ಅದು ಅಪರಾಧ. ನೋಟಿಸನ್ನು ವಕೀಲರೇ ಬರೆಯಬೇಕೆಂದು ಕಾನೂನು ಹೇಳಿಲ್ಲ. ಆದರೂ ಜನ ವಕೀಲರ ಬಳಿ ಹೋಗುವುದೇ ಒಳ್ಳೆಯದು, ಏಕೆಂದರೆ ಈ ಒಂದು ಪುಟದ ಕಾಗದದಲ್ಲಿ ಆದ ತಪ್ಪನ್ನು ಮುಂದೆ ತಿದ್ದುವುದು ಕಷ್ಟ.

ಸಂಗತಿ ಬರೆಯುವುದು ಸುಲಭ. ಯಾವ ಮಾಲು, ಯಾವ ಬಿಲ್ಲು, ಚೆಕ್ಕಿನ ಸಂಖ್ಯೆ, ತಾರೀಖು, ಬ್ಯಾಂಕ್ ಶಾಖೆ, ಯಾವಾಗ ಹಾಕಿದ್ದು, ಯಾವ ಕಾರಣಕ್ಕೆ ಮರಳಿತು, ಇಷ್ಟಿದ್ದರೆ ಸಾಕು. ಮೋಸಗಾರ, ಜೈಲಿಗೆ ಕಳಿಸುತ್ತೇನೆ ಎಂಬ ಬೈಗುಳದಿಂದ ಯಾವ ಲಾಭವೂ ಇಲ್ಲ.

ಎಡವುವುದು ಹಣ ಕೇಳುವ ಸಾಲಿನಲ್ಲಿ. ಹೇಗೂ ನೋಟಿಸ್ ಕಳಿಸುತ್ತಿದ್ದೇವೆ, ಬಾಕಿಯೆಲ್ಲ ಸೇರಿಸಿ ಎರಡೂವರೆ ಲಕ್ಷ ಕೇಳಿಬಿಡೋಣ ಎಂದು ಅಂಗಡಿಯವರಿಗೆ ಅನ್ನಿಸುವುದು ಸಹಜ. ಕಾನೂನು ಕೇಳುವುದು ಚೆಕ್ಕಿನಲ್ಲಿ ಬರೆದ ಮೊತ್ತವನ್ನು, ಉದ್ರಿಯ ಲೆಕ್ಕವನ್ನಲ್ಲ. ಚೆಕ್ಕಿನ ಮೊತ್ತವನ್ನು ಪ್ರತ್ಯೇಕವಾಗಿ ಹೇಳದೆ ಎಲ್ಲ ಬಾಕಿಯನ್ನೂ ಒಟ್ಟುಗೂಡಿಸಿ ಕೇಳಿದ ನೋಟಿಸನ್ನು ಸುಪ್ರೀಂ ಕೋರ್ಟ್ ರಾಹುಲ್ ಬಿಲ್ಡರ್ಸ್ ಪ್ರಕರಣದಲ್ಲಿ ಒಪ್ಪಲಿಲ್ಲ. 2025ರ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಚೆಕ್ ಇದ್ದದ್ದು ಒಂದು ಕೋಟಿಗೆ, ನೋಟಿಸ್ ಕೇಳಿದ್ದು ಎರಡು ಕೋಟಿ. ಅದು ಟೈಪಿಂಗ್ ತಪ್ಪು ಎಂಬ ಸಮಜಾಯಿಷಿಯನ್ನೂ ನ್ಯಾಯಾಲಯ ಕೇಳಲಿಲ್ಲ. ಇದು ತೀರ ಬಿಗಿಯಾಯಿತು ಎನ್ನಿಸಬಹುದು. ಆದರೆ ಎಷ್ಟು ಕೊಟ್ಟರೆ ಜೈಲು ತಪ್ಪುತ್ತದೆ ಎಂಬುದು ಎದುರಿನವರಿಗೆ ಸ್ಪಷ್ಟವಾಗಿ ಗೊತ್ತಾಗಬೇಡವೇ?

ಹಾಗೆಂದು ಬಡ್ಡಿ, ನೋಟಿಸಿನ ಖರ್ಚು ಕೇಳಲೇಬಾರದೆಂದಿಲ್ಲ. ಚೆಕ್ಕಿನ ಎರಡು ಲಕ್ಷವನ್ನು ಒಂದು ಸಾಲಿನಲ್ಲಿ ಕೇಳಿ, ಉಳಿದದ್ದನ್ನು ಬೇರೆಯಾಗಿ ತೋರಿಸಿದರೆ ನೋಟಿಸ್ ಕೆಡುವುದಿಲ್ಲ. ಇನ್ನೊಂದು ಅಪಾಯ ನೆನಪಿರಲಿ. ಚೆಕ್ ಕೊಟ್ಟ ಮೇಲೆ ಗುತ್ತಿಗೆದಾರರು ಅದೇ ಬಾಕಿಗೆ ಐವತ್ತು ಸಾವಿರ ಫೋನ್‌ಪೇ ಮಾಡಿದ್ದರೆ, ಪೂರ್ತಿ ಮೊತ್ತಕ್ಕೆ ಚೆಕ್ ಹಾಕುವಂತೆಯೇ ಇಲ್ಲ. ಬಂದ ಹಣವನ್ನು ಚೆಕ್ಕಿನ ಮೇಲೆ ಬರೆದು, ಉಳಿದ ಒಂದೂವರೆ ಲಕ್ಷಕ್ಕಷ್ಟೇ ಹಾಕಬೇಕಿತ್ತು. 2022ರ ತೀರ್ಪೊಂದು ಇದನ್ನು ಸ್ಪಷ್ಟಪಡಿಸಿದೆ.

ಇನ್ನು ದಿನಗಳ ಲೆಕ್ಕ. ಬ್ಯಾಂಕಿನ ಮಾಹಿತಿ ಸಿಕ್ಕಿದ್ದು ಜನವರಿ 12ಕ್ಕೆ. ಆ ದಿನ ಬಿಟ್ಟು 30 ದಿನ, ಅಂದರೆ ಫೆಬ್ರುವರಿ 11ರೊಳಗೆ ನೋಟಿಸ್ ಹೊರಡಬೇಕು. ನಮ್ಮ ಅಂಗಡಿಯವರು 19ಕ್ಕೆ ಅಂಚೆಗೆ ಹಾಕಿದರು, 22ಕ್ಕೆ ತಲುಪಿತು. ಗುತ್ತಿಗೆದಾರರಿಗೆ ಫೆಬ್ರುವರಿ 6ರ ತನಕ ಸಮಯ. ನೋಟಿಸಿನಲ್ಲಿ ‘7 ದಿನದೊಳಗೆ ಕಟ್ಟಿ’ ಎಂದು ಗದರಿಸಿದರೂ ಈ 15 ದಿನ ಕಡಿಮೆಯಾಗದು. 7ರಂದು ದೂರು ಕೊಡುವ ಹಕ್ಕು ಹುಟ್ಟುತ್ತದೆ. ಅಲ್ಲಿಂದ ಒಂದು ತಿಂಗಳು, ಮಾರ್ಚ್ 7ರ ತನಕ, ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬಹುದು. ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಲು ಅವಕಾಶವಿದೆ. ಅವಸರಕ್ಕೆ ಆ ಕ್ಷಮೆ ಇಲ್ಲ: 15 ದಿನ ಮುಗಿಯುವ ಮೊದಲೇ ಹಾಕಿದ ದೂರು ದೂರೇ ಅಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೋಟಿಸ್ ತಲುಪದಂತೆ ತಪ್ಪಿಸಿಕೊಳ್ಳುವವರೂ ಇದ್ದಾರೆ. ಅಂಚೆಯವರು ‘ಬಾಗಿಲು ಹಾಕಿದೆ’, ‘ನಿರಾಕರಿಸಿದ್ದಾರೆ’ ಎಂದು ಷರಾ ಬರೆದು ಲಕೋಟೆ ಹಿಂದಿರುಗಿಸಿದರೆ ಅದನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ. ಸರಿಯಾದ ವಿಳಾಸಕ್ಕೆ ನೋಂದಾಯಿತವಾಗಿ ಕಳಿಸಿದ್ದರೆ ತಲುಪಿದೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ನನಗೆ ಬರಲೇ ಇಲ್ಲ ಎನ್ನುವವರು ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಬೇಕು ಎಂದು 2007ರ ತೀರ್ಪಿದೆ.

ಮೂವತ್ತು ದಿನ ಕೈತಪ್ಪಿದರೆ? ಚೆಕ್ಕಿನ ತಾರೀಖಿನಿಂದ ಮೂರು ತಿಂಗಳು ಇನ್ನೂ ಮುಗಿದಿಲ್ಲವಾದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸ್ ಬಂದರೆ ಹೊಸ ನೋಟಿಸ್ ಕೊಡಬಹುದು. ಅವಧಿಯೂ ಮುಗಿದಿದ್ದರೆ ಕ್ರಿಮಿನಲ್ ದಾರಿ ಮುಚ್ಚಿತು. ಉಳಿಯುವುದು ಹಣ ವಸೂಲಿಯ ಸಿವಿಲ್ ದಾವೆ; ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ. ಬಾಯಿಮಾತಿನ ಆ ಐವತ್ತು ಸಾವಿರವನ್ನೂ ಕೇಳಬೇಕಾದದ್ದು ಅಲ್ಲಿಯೇ, ಸಹಿಯಾದ ಬಿಲ್ಲುಗಳನ್ನು ಮುಂದಿಟ್ಟು.