ಅದೇ ದುಡ್ಡು, ಅರ್ಧ ತೂಕ

ಗೊರೇಬಾಳದ ಕಡೆಯವರು ಮದುವೆ ಬಂಗಾರಕ್ಕೆ ಸಿಂಧನೂರಿಗೋ ಲಿಂಗಸುಗೂರಿಗೋ ಮಸ್ಕಿಗೋ ಹೋಗುತ್ತಾರೆ. ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಆದರೆ ಗಣಿ ಹತ್ತಿರವಿದೆ ಎಂದು ಇಲ್ಲಿನವರಿಗೆ ಒಂದು ರೂಪಾಯಿಯೂ ಸೋವಿ ಸಿಗುವುದಿಲ್ಲ. ದರ ಹೊರದೇಶದ ಮಾರುಕಟ್ಟೆಯಲ್ಲಿ ಡಾಲರಿನಲ್ಲಿ ಕುದುರುತ್ತದೆ. ಕೊಳ್ಳುವವನ ದುಡ್ಡು ಮಾತ್ರ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ, ಭತ್ತದಲ್ಲಿ ಹುಟ್ಟುತ್ತದೆ.

ಹಗುರ ಒಡವೆಯ ಕಡೆ ಜನ ವಾಲಿದ್ದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ. 2024ರ ಆರಂಭದಲ್ಲಿ 22 ಕ್ಯಾರೆಟ್ ಬಂಗಾರ ಗ್ರಾಂಗೆ ಸುಮಾರು 5,800 ರೂಪಾಯಿ ಇತ್ತು. 2025ರ ಅಕ್ಟೋಬರ್ ಹೊತ್ತಿಗೆ ಅದು 12,000ದ ಆಸುಪಾಸಿಗೆ ಬಂತು. ಅದೇ ಅವಧಿಯಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,183ರಿಂದ 2,369 ರೂಪಾಯಿಗೆ ಏರಿತು, ಅಷ್ಟೇ. ಸೋನಾ ಮಸೂರಿಯ ಪೇಟೆ ದರ ಬೇರೆ ಇರಬಹುದು, ಆದರೂ ಬೆಂಬಲ ಬೆಲೆಯಲ್ಲಿ ಅಳೆದರೆ ಹತ್ತು ಗ್ರಾಂ ಬಂಗಾರಕ್ಕೆ ಮೊದಲು 27 ಕ್ವಿಂಟಲ್ ಭತ್ತ ಸಾಕಿತ್ತು. 2025ರ ಅಕ್ಟೋಬರ್ ಹೊತ್ತಿಗೆ 51 ಕ್ವಿಂಟಲ್ ಬೇಕಾಯಿತು.

ಆದ್ದರಿಂದ ಮನೆಯವರು ಮೊದಲು ನಿಗದಿ ಮಾಡುವುದು ದುಡ್ಡನ್ನು. ಎರಡೂವರೆ ಲಕ್ಷ ಎಂದಿಟ್ಟುಕೊಳ್ಳಿ. ಮಜೂರಿ ಶೇ 12, ಜಿಎಸ್‌ಟಿ ಶೇ 3 ಸೇರಿಸಿದರೆ ಹಳೆಯ ದರದಲ್ಲಿ 37 ಗ್ರಾಂ ಬರುತ್ತಿತ್ತು. 2025ರ ಅಕ್ಟೋಬರ್ ದರದಲ್ಲಿ ಬಂದದ್ದು 18 ಗ್ರಾಂ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ: ವಿಶ್ವ ಚಿನ್ನ ಮಂಡಳಿಯ ಪ್ರಕಾರ 2025ರ ಜುಲೈ–ಸೆಪ್ಟೆಂಬರ್‌ನಲ್ಲಿ ಭಾರತದ ಒಡವೆ ಖರೀದಿ ತೂಕದಲ್ಲಿ ಶೇ 31ರಷ್ಟು ಕುಸಿಯಿತು, ಖರ್ಚಾದ ಹಣ ಮಾತ್ರ ಹೆಚ್ಚುಕಡಿಮೆ ಹಿಂದಿನ ವರ್ಷದಷ್ಟೇ ಇತ್ತು.

ತೂಕ ಅರ್ಧವಾದರೂ ಒಡವೆಗಳ ಸಂಖ್ಯೆ ಅರ್ಧವಾಗುವುದಿಲ್ಲ. ತಾಳಿ ಬೇಕು, ಕಿವಿಗೆ ಬೇಕು, ಕೊರಳಿಗೊಂದು ಸರ ಬೇಕು. ಏನೇನು ಹಾಕಬೇಕೆಂಬುದನ್ನು ಸಂಪ್ರದಾಯ ಹೇಳುತ್ತದೆ, ಎಷ್ಟು ಗ್ರಾಂ ಎಂಬುದನ್ನು ಹೇಳುವುದಿಲ್ಲ. ಹೀಗಾಗಿ ಎಲ್ಲ ಒಡವೆಗಳೂ ಉಳಿದು, ಒಂದೊಂದೂ ತೆಳ್ಳಗಾಗುತ್ತದೆ. ಈ ವಿದ್ಯೆ ನಮ್ಮ ಪತ್ತಾರರಿಗೆ ಹೊಸದಲ್ಲ. ತೆಳು ತಗಡಿನ ಗುಂಡಿನೊಳಗೆ ಅರಗು ತುಂಬಿದ ಬೋರಮಾಳ ಎದೆತುಂಬ ಕಾಣುತ್ತದೆ, ಬಂಗಾರ ಕಡಿಮೆ ಹಿಡಿಯುತ್ತದೆ. ಇಂದಿನ ಯಂತ್ರಗಳು ಪೊಳ್ಳು ಬಳೆ, ಜಾಲರಿಯಂಥ ಪದಕಗಳನ್ನು ಇನ್ನೂ ಹಗುರ ಮಾಡಿವೆ. 18 ಕ್ಯಾರೆಟ್ಟಿನಲ್ಲಿ ಬಂಗಾರ ಶೇ 75 ಮಾತ್ರ, ಉಳಿದದ್ದು ಬೆಳ್ಳಿ, ತಾಮ್ರದಂಥ ಲೋಹ. ಅದು 22 ಕ್ಯಾರೆಟ್ಟಿಗಿಂತ ಗಡುಸು, ಆದ್ದರಿಂದ ತೆಳ್ಳಗೆ ಮಾಡಿದರೂ ಬೇಗ ಬಾಗುವುದಿಲ್ಲ.

ಹಗುರ ಒಡವೆ ಕೊಳ್ಳುವುದನ್ನು ತಪ್ಪೆನ್ನಲಾರೆ, ದುಡ್ಡು ಇದ್ದಷ್ಟೇ ತಾನೆ. ಆದರೆ ನಮ್ಮ ಸೀಮೆಯಲ್ಲಿ ಬಂಗಾರ ಬರೀ ಅಲಂಕಾರವಲ್ಲ. ಗೊಬ್ಬರ, ಬೀಜ, ಆಳಿನ ಕೂಲಿಗೆ ಅಡವಿಡುವುದು ಅದನ್ನೇ. ಸೂಕ್ಷ್ಮ ಕೆಲಸದ ಹಗುರ ಒಡವೆಗೆ ಮಜೂರಿ ಶೇಕಡಾವಾರು ಹೆಚ್ಚು. ಅದು ಶೇ 12ರ ಬದಲು 18 ಆದರೆ ಅದೇ ಎರಡೂವರೆ ಲಕ್ಷಕ್ಕೆ 18 ಗ್ರಾಂ ಹೋಗಿ 17 ಗ್ರಾಂ ಸಿಗುತ್ತದೆ. ಕಳೆದ ಒಂದು ಗ್ರಾಂ ಎಂದರೆ ಆ ದರದಲ್ಲಿ ಹತ್ತಿರಹತ್ತಿರ 12,000 ರೂಪಾಯಿ. ಬ್ಯಾಂಕಿನವರು ಸಾಲ ಕೊಡುವಾಗ ಹರಳು, ಅರಗು ಕಳೆದು ನಿವ್ವಳ ಬಂಗಾರವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮಜೂರಿಗೆ ಅಲ್ಲಿ ಬೆಲೆಯೇ ಇಲ್ಲ. ಜೊತೆಗೆ ಪೊಳ್ಳು ಬಳೆ ಒಮ್ಮೆ ನೆಗ್ಗಿದರೆ ಸರಿಪಡಿಸುವುದು ಕಷ್ಟ.

ಚೂರುಚೂರಾಗಿ ಕೊಳ್ಳುವವರ ವಿಷಯವೂ ಇದೆ. ಅಂಗಡಿಗಳ ಹನ್ನೊಂದು ತಿಂಗಳ ಕಂತಿನ ಯೋಜನೆಗೆ ಸೇರುವ ಮೊದಲು ಒಂದು ಪ್ರಶ್ನೆ ಕೇಳಿ: ಪ್ರತಿ ಕಂತು ಆ ದಿನದ ದರದಲ್ಲಿ ಗ್ರಾಂ ಆಗಿ ಜಮಾ ಆಗುತ್ತದೆಯೋ, ರೂಪಾಯಿಯಾಗಿಯೇ ಉಳಿಯುತ್ತದೆಯೋ? ರೂಪಾಯಿಯಾಗಿ ಉಳಿದರೆ, ಹನ್ನೊಂದು ತಿಂಗಳಲ್ಲಿ ಏರಿದ ದರವೆಲ್ಲ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಇನ್ನು ಎರಡು ಗ್ರಾಂಗಿಂತ ಕಡಿಮೆ ತೂಕದ ಮೂಗುತಿ, ಓಲೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಸಣ್ಣ ಖರೀದಿಯೇ ಹೆಚ್ಚಾದ ಈ ಕಾಲದಲ್ಲಿ ಮೋಸಕ್ಕೆ ದಾರಿ ಇರುವುದು ಅಲ್ಲೇ. ಅದಕ್ಕಿಂತ ತೂಕದ ಒಡವೆಯಾದರೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇದೆಯೇ ನೋಡಿ. ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಶುದ್ಧತೆ, ಯಾರು ಪರೀಕ್ಷಿಸಿದರು ಎಂಬುದು ಅಂಗಡಿಯಲ್ಲಿ ನಿಂತಲ್ಲೇ ಕಾಣುತ್ತದೆ.

ಒಡವೆ ಎಷ್ಟೇ ಹಗುರವಿರಲಿ, ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ಬಂಗಾರದ ತೂಕ, ಕ್ಯಾರೆಟ್, ಮಜೂರಿ ಇವು ನಾಲ್ಕನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳದೆ ಅಂಗಡಿ ಬಿಟ್ಟು ಬರಬೇಡಿ. ಮುಂದಿನ ಬಿತ್ತನೆಗೆ ಅಡವಿಡಲು ಹೋದಾಗ ಕೈಗೆ ಬರುವ ದುಡ್ಡು ನಿಂತಿರುವುದು ಆ ನಿವ್ವಳ ತೂಕದ ಮೇಲೆಯೇ.