ಹೊಟ್ಟೆಯೊಳಗಿನ ರಸಮಟ್ಟ

ರಾತ್ರಿ ಹನ್ನೊಂದರ ಹೊತ್ತಿಗೆ ಕ್ಯಾಶುವಾಲ್ಟಿಗೆ ಬಂದ ಆ ಹೆಂಗಸಿಗೆ 52 ವರ್ಷ. ಬೆಳಗಿನಿಂದ ಹೊಟ್ಟೆ ಹಿಂಡಿದಂಥ ನೋವು. ಎರಡು ನಿಮಿಷ ಕಾಡಿ ಬಿಡುತ್ತದೆ, ಮತ್ತೆ ಬರುತ್ತದೆ. ವಾಂತಿಯಲ್ಲಿ ಮೊದಲು ಉಂಡ ಅನ್ನ ಬಂತು, ಆಮೇಲೆ ಹಸಿರು ಪಿತ್ತ. "ಗ್ಯಾಸ್ ಇರಬೇಕು ಸಾರ್" ಎಂದ ಮಗ.

"ಗಾಳಿ ಹೋಗ್ತಿದೆಯಾ ಅಮ್ಮ?" ಎಂದು ಕೇಳಿದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ನಿನ್ನೆ ರಾತ್ರಿಯಿಂದ ಇಲ್ಲ" ಎಂದರು. ಹೊಕ್ಕುಳ ಕೆಳಗೆ ಹಳೆಯ ಹೊಲಿಗೆಯ ಗೆರೆ ಕಾಣುತ್ತಿತ್ತು. ಹತ್ತು ವರ್ಷದ ಹಿಂದೆ ಗರ್ಭಕೋಶ ತೆಗೆಸಿಕೊಂಡಿದ್ದರಂತೆ. ನನ್ನ ಅನುಮಾನ ಅಲ್ಲಿಗೇ ಹೋಯಿತು. ಆಪರೇಷನ್ ಆದ ಹೊಟ್ಟೆಯಲ್ಲಿ ಗಾಯ ಮಾಯುವಾಗ ನಾರಿನಂಥ ಪಟ್ಟಿಗಳು ಹುಟ್ಟಿ ಕರುಳನ್ನು ಅಲ್ಲಲ್ಲಿ ಅಂಟಿಸಿಬಿಡುತ್ತವೆ. ವರ್ಷಗಳ ನಂತರವೂ ಒಂದು ದಿನ ಕರುಳಿನ ಸುರುಳಿ ಅಲ್ಲಿ ಮಡಚಿ ಸಿಕ್ಕಿಕೊಳ್ಳಬಹುದು.

ಎರಡು ಎಕ್ಸ್‌ರೇ ತೆಗೆಸಿದೆವು, ಒಂದು ಮಲಗಿಸಿ, ಇನ್ನೊಂದು ನಿಲ್ಲಿಸಿ. ನಿಂತ ಎಕ್ಸ್‌ರೇಯಲ್ಲಿ ಹೊಟ್ಟೆಯ ತುಂಬ ಚಿಕ್ಕ ಚಿಕ್ಕ ಅಡ್ಡಗೆರೆಗಳು, ಒಂದರ ಕೆಳಗೊಂದು ಮೆಟ್ಟಿಲಿನಂತೆ. ಒಂದೊಂದು ಗೆರೆಯ ಮೇಲೂ ಕಪ್ಪು ಕಮಾನು, ಕೆಳಗೆ ಬೂದುಬಿಳಿ. ಕಪ್ಪು ಎಂದರೆ ಗಾಳಿ, ಬಿಳುಪು ಎಂದರೆ ನೀರು. ಅವೆರಡು ಸೇರುವ ಗೆರೆಗೆ ಡಾಕ್ಟರುಗಳು 'ಏರ್-ಫ್ಲೂಯಿಡ್ ಲೆವೆಲ್' ಅನ್ನುತ್ತಾರೆ. ಗಾರೆ ಕೆಲಸದವರ ರಸಮಟ್ಟದಲ್ಲಿ ದ್ರವ ಹೇಗೆ ತನ್ನಷ್ಟಕ್ಕೆ ಮಟ್ಟ ಹಿಡಿಯುತ್ತದೋ, ಕರುಳಿನಲ್ಲೂ ಹಾಗೆಯೇ. ಮಲಗಿದವರ ಮೇಲಿಂದ ಕಿರಣ ಹಾಯಿಸಿದರೆ ಈ ಗೆರೆ ಕಾಣುವುದಿಲ್ಲ, ನೀರಿನ ತೊಟ್ಟಿಯನ್ನು ನೇರ ಮೇಲಿಂದ ನೋಡಿದ ಹಾಗೆ. ನಿಲ್ಲಲಾಗದವರನ್ನು ಎಡಮಗ್ಗುಲಿಗೆ ಮಲಗಿಸಿ ಪಕ್ಕದಿಂದ ಕಿರಣ ಬಿಡುತ್ತಾರೆ.

ಇಷ್ಟು ನೀರು ಎಲ್ಲಿಂದ ಬಂತು? ನಾವು ಕುಡಿಯುವುದಲ್ಲದೆ ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಸುಮಾರು 7 ಲೀಟರ್ ರಸ ಕರುಳಿಗೆ ಇಳಿಯುತ್ತದೆ. ಮಾಮೂಲಾಗಿ ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರುತ್ತದೆ. ದಾರಿ ಕಟ್ಟಿದಾಗ ಅದು ಅಡ್ಡಿಯ ಹಿಂದೆಯೇ ನಿಲ್ಲುತ್ತದೆ. ನುಂಗಿದ ಗಾಳಿಯೂ ಅದರ ಜೊತೆ ಸಿಕ್ಕಿಕೊಂಡು ಕರುಳು ಉಬ್ಬುತ್ತದೆ. ರೋಗಿಯ ನಾಲಿಗೆ ಒಣಗುವುದೂ ಇದಕ್ಕೇ: ನೀರು ಹೊಟ್ಟೆಯಲ್ಲೇ ಇದೆ, ರಕ್ತಕ್ಕೆ ಸಿಗುತ್ತಿಲ್ಲ.

ಎಷ್ಟು ಉಬ್ಬಿದೆ ಎಂದು ಅಳೆಯಲು ಮಲಗಿದ ಎಕ್ಸ್‌ರೇ. ಸಣ್ಣ ಕರುಳು 3 ಸೆಂ.ಮೀ., ದೊಡ್ಡ ಕರುಳು 6, ಅದರ ಮೊದಲ ಚೀಲವಾದ ಸೀಕಮ್ 9 ಸೆಂ.ಮೀ. ದಾಟಬಾರದೆಂಬುದು ಲೆಕ್ಕ. ಇವರದು 4 ಸೆಂ.ಮೀ. ಮೀರಿತ್ತು. ಉಬ್ಬಿದ್ದು ಸಣ್ಣ ಕರುಳೇ ಎಂದು ಹೇಗೆ ಗೊತ್ತು? ಸುರುಳಿಗಳು ಹೊಟ್ಟೆಯ ನಡುವೆ ಇದ್ದವು, ಒಳಮಡಿಕೆಗಳ ಗೆರೆ ಈ ಅಂಚಿನಿಂದ ಆ ಅಂಚಿನವರೆಗೂ ಹಾಯ್ದಿತ್ತು. ದೊಡ್ಡ ಕರುಳು ಅಂಚಿನಲ್ಲಿರುತ್ತದೆ, ಅದರ ಮಡಿಕೆಗಳು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತವೆ. ಇವರ ದೊಡ್ಡ ಕರುಳಿನಲ್ಲಿ ಗಾಳಿಯೇ ಇರಲಿಲ್ಲ. ಅಂದರೆ ಅಡ್ಡಿ ಅದಕ್ಕೂ ಮೊದಲೇ ಇತ್ತು.

ಗೆರೆ ಕಂಡಕೂಡಲೇ ಬ್ಲಾಕ್ ಎಂದು ಕೂಗುವಂತಿಲ್ಲ. ವಾಂತಿಭೇದಿಯಲ್ಲೂ ಇಂಥ ಗೆರೆಗಳು ಮೂಡುತ್ತವೆ. ಆಪರೇಷನ್ ಆದ ಮೇಲೆ ಅಥವಾ ಪೊಟ್ಯಾಸಿಯಂ ಇಳಿದಾಗ ಕರುಳು ಸುಮ್ಮನೆ ಮಂಕಾದರೂ ಮೂಡುತ್ತವೆ, ಆದರೆ ಅಲ್ಲಿ ಸಾಮಾನ್ಯವಾಗಿ ದೊಡ್ಡ ಕರುಳೂ ಸೇರಿ ಉಬ್ಬಿರುತ್ತದೆ. ಇನ್ನೊಂದು ಮೋಸವಿದೆ: ಕರುಳಿನ ತುಂಬ ನೀರೇ ಇದ್ದು ಗಾಳಿ ಇಲ್ಲದಿದ್ದರೆ, ಬ್ಲಾಕ್ ಇದ್ದೂ ಎಕ್ಸ್‌ರೇ ಏನೂ ತೋರದು. ಎಲ್ಲಕ್ಕಿಂತ ಭಯದ ಪ್ರಶ್ನೆ, ಸಿಕ್ಕಿಬಿದ್ದ ಕರುಳಿಗೆ ರಕ್ತ ಹೋಗುತ್ತಿದೆಯೇ ಎಂಬುದು. ಅದಕ್ಕೆ ಎಕ್ಸ್‌ರೇ ಉತ್ತರ ಕೊಡುವುದಿಲ್ಲ. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಬಿಡದೆ ನಿಂತರೆ, ಜ್ವರ ಬಂದರೆ, ನಾಡಿ ಏರಿದರೆ, ಹೊಟ್ಟೆ ಮುಟ್ಟಿದರೆ ಹೌಹಾರಿದರೆ ಕಾಯುವಂತಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಅಡ್ಡಿ ಎಲ್ಲಿ, ಯಾವುದರಿಂದ ಎಂಬುದು ತಿಳಿಯುತ್ತದೆ, ರಕ್ತದ ಕೊರತೆಯ ಸುಳಿವೂ ಸಿಗುತ್ತದೆ.

ಇವರಿಗೆ ಆ ಲಕ್ಷಣಗಳು ಇರಲಿಲ್ಲ. ಸಿ.ಟಿ.ಯಲ್ಲೂ ರಕ್ತದ ಓಟ ಚೆನ್ನಾಗಿತ್ತು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸಿದೆವು. ಒಂದೂವರೆ ಲೀಟರ್ ಹಸಿರು ನೀರು ಬಂತು. ಡ್ರಿಪ್ ಹಾಕಿ, ಬಾಯಿಗೆ ಏನೂ ಕೊಡಲಿಲ್ಲ. ಮರುದಿನ ಅದೇ ಟ್ಯೂಬಿನಲ್ಲಿ ಸುಮಾರು 100 ಮಿ.ಲೀ. ನೀರಲ್ಲಿ ಕರಗುವ ಕಾಂಟ್ರಾಸ್ಟ್ ಬಿಟ್ಟೆವು. 24 ಗಂಟೆಯೊಳಗೆ ಅದು ದೊಡ್ಡ ಕರುಳು ತಲುಪಿದರೆ ಸಾಮಾನ್ಯವಾಗಿ ಕತ್ತಿ ಹಿಡಿಯಬೇಕಾಗಿ ಬರುವುದಿಲ್ಲ.

ಮೂರನೆಯ ಬೆಳಗಿನ ಎಕ್ಸ್‌ರೇಯಲ್ಲಿ ಮೆಟ್ಟಿಲುಗಳು ಮಾಯವಾಗಿ, ದೊಡ್ಡ ಕರುಳಿನುದ್ದಕ್ಕೂ ಬಿಳಿ ಬಣ್ಣ ಹರಡಿತ್ತು. ಫಿಲಂ ಹಿಡಿದು ವಾರ್ಡಿಗೆ ಹೋದರೆ ಅಷ್ಟರಲ್ಲಿ ನರ್ಸಮ್ಮನ ಕಿವಿಗೆ ಸುದ್ದಿ ಬಿದ್ದಿತ್ತು: "ಬೆಳಗಿನ ಜಾವ ಗಾಳಿ ಹೋಯ್ತಂತೆ ಸಾರ್. ಕಾಫಿ ಯಾವಾಗ ಅಂತ ಕೇಳ್ತಿದ್ದಾರೆ."