ಮನೆಗೆ ಎಷ್ಟು ಎಂಬಿಪಿಎಸ್ ಬೇಕು? ರಾತ್ರಿ ಎಂಟು ಗಂಟೆಯ ಲೆಕ್ಕ

ಬ್ರಾಡ್‌ಬ್ಯಾಂಡ್ ಹಾಕಿಸಬೇಕೆಂದು ವಿಚಾರಿಸಿದರೆ ಎದುರಿನವರು ಮೊದಲು ಕೇಳುವುದು, ‘ಮನೆಯಲ್ಲಿ ಎಷ್ಟು ಜನ ಇದ್ದೀರಿ? ಎಷ್ಟು ಮೊಬೈಲ್ ಇವೆ?’ ಎಂದು. ಉತ್ತರ ಹೇಳುವಷ್ಟರಲ್ಲಿ 100 ಎಂಬಿಪಿಎಸ್ ಪ್ಲಾನಿನ ಬೆಲೆ ಬಂದಿರುತ್ತದೆ. ಆದರೆ ಜನರ ಎಣಿಕೆಯಿಂದ ಇಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ. ಜೇಬಿನಲ್ಲಿ ಸುಮ್ಮನಿರುವ ಹತ್ತು ಮೊಬೈಲುಗಳಿಗೆ ಬೇಕಾಗುವುದು ಅತ್ಯಲ್ಪ. ಒಂದೇ ಹೊತ್ತಿನಲ್ಲಿ ವಿಡಿಯೊ ನೋಡುವ ಮೂವರಿಗೆ ಬೇಕಾಗುವುದು ಬಹಳ. ಆದ್ದರಿಂದ ಎಣಿಸಬೇಕಾದದ್ದು ವಾರದಲ್ಲಿ ಮನೆ ಅತ್ಯಂತ ಗಡಿಬಿಡಿಯಲ್ಲಿರುವ ಒಂದು ಗಂಟೆಯನ್ನು. ಆ ಗಂಟೆಯಲ್ಲಿ ಯಾರು ಏನು ಮಾಡುತ್ತಿರುತ್ತಾರೆ ಎಂದು ಬರೆದು, ಪ್ರತಿಯೊಂದರ ಮುಂದೆ ಎರಡು ಸಂಖ್ಯೆ ಹಾಕಬೇಕು. ಒಂದು ಮನೆಯೊಳಗೆ ಬರುವ ಡೌನ್‌ಲೋಡ್, ಇನ್ನೊಂದು ಮನೆಯಿಂದ ಹೊರಹೋಗುವ ಅಪ್‌ಲೋಡ್. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಮೊದಲನೆಯದು. ಕರೆಗಳು, ತರಗತಿಗಳು ಕೆಡುವುದು ಬಹಳ ಸಲ ಎರಡನೆಯದರಿಂದ.

ದಾವಣಗೆರೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಾಯಿಗೆ ಮನೆಯಿಂದಲೇ ಐಟಿ ಕೆಲಸ. ಮಗಳು ದ್ವಿತೀಯ ಪಿಯುಸಿ, ಸಂಜೆ ನೀಟ್ ಕೋಚಿಂಗಿನ ಆನ್‌ಲೈನ್ ತರಗತಿ. ಮಗ ಹೈಸ್ಕೂಲಿನವನು. ಅಜ್ಜಿಯ ಇನ್ನೊಬ್ಬ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಗೇಟಿನ ಬಳಿ ವೈಫೈ ಕ್ಯಾಮೆರಾ ಇದೆ. ಐಪಿಎಲ್ ಕಾಲದಲ್ಲಿ ರಾತ್ರಿ ಎಂಟಕ್ಕೆ ಈ ಮನೆಯಲ್ಲಿ ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಇಲ್ಲಿ ರಾತ್ರಿ ಎಂಟೆಂದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗು. ತಾಯಿಯ ಆಫೀಸ್ ಮೀಟಿಂಗೂ ಅಜ್ಜಿಯ ವಿಡಿಯೊ ಕರೆಯೂ ಬೀಳುವುದು ಅದೇ ಹೊತ್ತಿಗೆ.

ಟಿವಿಯಿಂದ ಆರಂಭಿಸೋಣ. 1080ಪಿ ಗುಣಮಟ್ಟದ ಸಿನಿಮಾಕ್ಕೆ 5 ಎಂಬಿಪಿಎಸ್ ಇರಲಿ ಎನ್ನುತ್ತದೆ ನೆಟ್‌ಫ್ಲಿಕ್ಸ್. ಕ್ರಿಕೆಟ್ಟಿನಲ್ಲಿ ಚಿತ್ರ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಸ್ವಲ್ಪ ಹೆಚ್ಚೇ ಹಿಡಿದು 8 ಎನ್ನೋಣ. ತಾಯಿಯ ಮೀಟಿಂಗ್ ಝೂಮ್‌ನಲ್ಲಿದ್ದರೆ, 1080ಪಿ ವಿಡಿಯೊ ಕಳಿಸಲು 3.8 ಬೇಕೆಂದು ಆ ಕಂಪನಿಯೇ ಹೇಳುತ್ತದೆ. ಪರದೆಯ ತುಂಬ ಸಹೋದ್ಯೋಗಿಗಳ ಮುಖಗಳಿದ್ದರೆ ಒಳಬರಲು 4 ಬೇಕಾಗಬಹುದು. ಮಗಳ ತರಗತಿಗೆ ಒಳಬರಲು 3 ಇಡೋಣ. ಆಕೆ ಕ್ಯಾಮೆರಾ ತೆರೆದಿಡಬೇಕಾದರೆ ಹೊರಹೋಗಲು 1.5. ಮಗನ ಮೊಬೈಲಿನ ಯೂಟ್ಯೂಬ್‌ಗೆ 720ಪಿ ಆದರೆ 2.5. ಅಜ್ಜಿಯ ಕರೆಗೆ ಬರಲು 1, ಹೋಗಲು 1. ಗೇಟಿನ ಕ್ಯಾಮೆರಾ ಚಿತ್ರವನ್ನು ಹಗಲೂ ರಾತ್ರಿ ಕ್ಲೌಡ್‌ಗೆ ಕಳಿಸುವ ಬಗೆಯದಾದರೆ ಹೊರಹೋಗಲು 2.

ಕೂಡಿಸಿದರೆ ಡೌನ್‌ಲೋಡ್ 18.5, ಅಪ್‌ಲೋಡ್ 8.3.

ಅಷ್ಟೇ ವೇಗದ ಪ್ಲಾನ್ ಸಾಲದು. ವಿಡಿಯೊ ಆ್ಯಪ್‌ಗಳು ಚಿತ್ರವನ್ನು ಒಂದೇ ಸಮನೆ ಎಳೆದುಕೊಳ್ಳುವುದಿಲ್ಲ. ಕೆಲವು ಸೆಕೆಂಡುಗಳಷ್ಟನ್ನು ಒಮ್ಮೆಗೇ ಸೆಳೆದಿಟ್ಟುಕೊಂಡು, ಅದು ಮುಗಿಯುತ್ತ ಬಂದಾಗ ಮತ್ತೆ ಸೆಳೆಯುತ್ತವೆ. ಟಿವಿಯೂ ಮೊಬೈಲೂ ಒಂದೇ ಕ್ಷಣದಲ್ಲಿ ಸೆಳೆದರೆ ಬೇಡಿಕೆ ಸರಾಸರಿಯನ್ನು ಮೀರುತ್ತದೆ. ಇದರ ಜೊತೆಗೆ ಮೊಬೈಲುಗಳು ಹಿನ್ನೆಲೆಯಲ್ಲಿ ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳುತ್ತಿರುತ್ತವೆ. ಹಾಗಾಗಿ ಬಂದ ಮೊತ್ತಕ್ಕೆ ಅದರ ಅರ್ಧವನ್ನು ಸೇರಿಸುವುದು ಒಳ್ಳೆಯದು. ಆಗ ಡೌನ್‌ಲೋಡ್ ಸುಮಾರು 28, ಅಪ್‌ಲೋಡ್ ಸುಮಾರು 12.5. ಎರಡೂ ಕಡೆ 30 ಕೊಡುವ ಫೈಬರ್ ಪ್ಲಾನಿನಲ್ಲಿ ಈ ಮನೆ ನಡೆಯುತ್ತದೆ, ಅಂಚಿನಲ್ಲಿ. 40 ಅಥವಾ 50 ಇದ್ದರೆ ಆರಾಮ. ಟಿವಿ 4ಕೆ ಆದರೆ? ನೆಟ್‌ಫ್ಲಿಕ್ಸ್ 15 ಕೇಳುತ್ತದೆ, ಯೂಟ್ಯೂಬ್ 20. ಕ್ರಿಕೆಟ್ಟಿನ 8ರ ಜಾಗದಲ್ಲಿ 20 ಇಟ್ಟರೂ ಮೊತ್ತ 30.5, ಅರ್ಧ ಸೇರಿಸಿದರೆ 46. ಆಗಲೂ 50 ಸಾಕು. 300ರ ಪ್ಲಾನಿಗೆ ತಿಂಗಳು ತಿಂಗಳೂ ಕೊಡುವ ಹೆಚ್ಚಿನ ಹಣಕ್ಕೆ ಈ ಮನೆಯಲ್ಲಿ ಕೆಲಸವೇ ಇಲ್ಲ.

ಇಷ್ಟು ಲೆಕ್ಕ ಹಾಕಿದವರೂ ಎಡವುವುದು ಅಪ್‌ಲೋಡಿನಲ್ಲಿ. ನಮ್ಮಲ್ಲಿ ಫೈಬರ್ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ವೇಗ ಒಂದೇ ಇರುತ್ತದೆ. ಟಿವಿ ಕೇಬಲ್ಲಿನ ಮೂಲಕ ಬರುವ ಇಂಟರ್‌ನೆಟ್‌ನಲ್ಲಿ, 5ಜಿ ಸಿಗ್ನಲ್ ಹಿಡಿದು ಮನೆಗೆ ವೈಫೈ ಕೊಡುವ ಸಂಪರ್ಕಗಳಲ್ಲಿ ಅಪ್‌ಲೋಡ್ ಬಹಳ ಕಡಿಮೆ ಇರುವುದುಂಟು. ‘100 ಎಂಬಿಪಿಎಸ್’ ಎಂದು ಹಾಕಿಸಿಕೊಂಡ ಸಂಪರ್ಕದಲ್ಲಿ ಅಪ್‌ಲೋಡ್ 8 ಇದ್ದರೆ, ಕ್ರಿಕೆಟ್ ನಿರಾಳವಾಗಿ ಓಡುತ್ತದೆ, ತಾಯಿಯ ಮೀಟಿಂಗ್ ಮಾತ್ರ ಕೈಕೊಡುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ. ಎದುರಿನವರ ಮುಖ, ಮಾತು ನಿಮಗೆ ಸ್ಪಷ್ಟವಾಗಿದ್ದೂ ಅವರು ‘ನಿಮ್ಮ ವಾಯ್ಸ್ ಕಟ್ ಆಗ್ತಾ ಇದೆ’ ಎಂದರೆ ತೊಂದರೆ ಬಹುಮಟ್ಟಿಗೆ ನಿಮ್ಮ ಅಪ್‌ಲೋಡಿನದು. ನಿಮಗೇ ಅವರು ಒಡೆದೊಡೆದು ಕಂಡರೆ ನಿಮ್ಮ ಡೌನ್‌ಲೋಡನ್ನೋ ಅವರ ಅಪ್‌ಲೋಡನ್ನೋ ನೋಡಬೇಕು.

ಅಪ್‌ಲೋಡಿಗೆ ಇನ್ನೊಂದು ಕಾಟವಿದೆ. ಅದು ಮೇಲಿನ ಲೆಕ್ಕದಲ್ಲಿ ಬರುವುದೇ ಇಲ್ಲ. ಮದುವೆಯೊಂದಕ್ಕೆ ಹೋಗಿಬಂದ ದಿನ ಮೊಬೈಲಿನಲ್ಲಿ 2 ಜಿಬಿಯಷ್ಟು ಫೋಟೊ, ವಿಡಿಯೊ ಇರುತ್ತವೆ. ಮನೆಯ ವೈಫೈ ಸಿಕ್ಕ ಕೂಡಲೇ ಮೊಬೈಲ್ ಅವನ್ನೆಲ್ಲ ಬ್ಯಾಕಪ್‌ಗೆ ಕಳಿಸತೊಡಗುತ್ತದೆ. ವಿಡಿಯೊ ಕರೆ ತನಗೆ ಬೇಕಾದಷ್ಟನ್ನೇ ಬಳಸುತ್ತದೆ. ಬ್ಯಾಕಪ್ ಹಾಗಲ್ಲ, ಖಾಲಿ ಸಿಕ್ಕಷ್ಟನ್ನೂ ತುಂಬಿಕೊಳ್ಳುತ್ತದೆ. 2 ಜಿಬಿ ಎಂದರೆ 16,000 ಮೆಗಾಬಿಟ್. ಫೈಲಿನ ಗಾತ್ರವನ್ನು ಬೈಟ್‌ನಲ್ಲೂ ಪ್ಲಾನಿನ ವೇಗವನ್ನು ಬಿಟ್‌ನಲ್ಲೂ ಹೇಳುವುದು ರೂಢಿ, ಒಂದು ಬೈಟ್‌ಗೆ ಎಂಟು ಬಿಟ್. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಇದು ಮುಗಿಯಲು ಸುಮಾರು 27 ನಿಮಿಷ. 30 ಇದ್ದರೆ 9 ನಿಮಿಷ. ಅಷ್ಟೂ ಹೊತ್ತು ಕರೆಯ ಮಾತಿನ ತುಣುಕುಗಳು ರೂಟರ್‌ನೊಳಗೆ ಫೋಟೊಗಳ ಹಿಂದೆ ಕಾಯುತ್ತ ನಿಲ್ಲುತ್ತವೆ, ಟೋಲ್‌ಗೇಟಿನಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಆಂಬುಲೆನ್ಸಿನಂತೆ. ಫೋಟೊ ಅರ್ಧ ಸೆಕೆಂಡು ತಡವಾಗಿ ತಲುಪಿದರೆ ಯಾರಿಗೂ ತಿಳಿಯುವುದಿಲ್ಲ. ಮಾತು ಅರ್ಧ ಸೆಕೆಂಡು ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸುತ್ತಾರೆ.

ಈಗಿರುವ ಸಂಪರ್ಕದಲ್ಲಿ ಇದನ್ನು ಅಳೆದು ನೋಡಬಹುದು. ಬ್ರೌಸರಿನಲ್ಲಿ fast.com ತೆರೆದು, ಅಳತೆ ಮುಗಿದ ಮೇಲೆ Show more info ಒತ್ತಿ. ಅಪ್‌ಲೋಡ್ ವೇಗವೂ, Latency ಎಂಬುದರ ಕೆಳಗೆ Unloaded, Loaded ಎಂಬ ಎರಡು ಸಂಖ್ಯೆಗಳೂ ಕಾಣುತ್ತವೆ. ಮೊದಲನೆಯದು ಲೈನ್ ಖಾಲಿಯಿದ್ದಾಗ ಆಗುವ ತಡ, ಎರಡನೆಯದು ತುಂಬಿದ್ದಾಗ ಆಗುವ ತಡ, ಎರಡೂ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. 10 ಇದ್ದದ್ದು 50, 60 ಆದರೆ ಕರೆಗೆ ತೊಂದರೆಯಿಲ್ಲ. 300, 400ಕ್ಕೆ ಏರಿದರೆ ಬ್ಯಾಕಪ್ ನಡೆಯುವಾಗಲೆಲ್ಲ ಮೀಟಿಂಗ್ ಹಾಳಾಗುತ್ತದೆ. ಅದಕ್ಕೆ ಮದ್ದು ದುಬಾರಿ ಪ್ಲಾನ್ ಅಲ್ಲ. ಮೀಟಿಂಗ್ ಇರುವ ಹೊತ್ತಿನಲ್ಲಿ ಮೊಬೈಲುಗಳ ಬ್ಯಾಕಪ್ ನಿಲ್ಲಿಸಿಟ್ಟು ಮಲಗುವ ಮುನ್ನ ಶುರುಮಾಡಿದರೆ ಆಯಿತು. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ QoS ಎಂಬುದಿದ್ದರೆ ಆಫೀಸ್ ಲ್ಯಾಪ್‌ಟಾಪಿಗೆ ಮೊದಲ ಆದ್ಯತೆ ಕೊಡಬಹುದು.

ಇದೇ ಅಳತೆಯನ್ನು ಎರಡು ಜಾಗದಲ್ಲಿ ಮಾಡಿ ನೋಡುವುದೂ ಅಗತ್ಯ. ಒಮ್ಮೆ ಲ್ಯಾಪ್‌ಟಾಪನ್ನು ರೂಟರ್‌ಗೆ ಲ್ಯಾನ್ ಕೇಬಲ್ಲಿನಿಂದ ಜೋಡಿಸಿ, ಇನ್ನೊಮ್ಮೆ ಮಗಳು ಓದುವ ಕೋಣೆಯಲ್ಲಿ ವೈಫೈ ಮೂಲಕ. ಕೇಬಲ್ಲಿನಲ್ಲಿ 48, ಕೋಣೆಯಲ್ಲಿ 9 ಬಂದರೆ ಕಂಪನಿ ತನ್ನ ಪಾಲಿನದನ್ನು ಕೊಡುತ್ತಿದೆ, ನಡುವಿನ ಗೋಡೆಗಳು ನುಂಗುತ್ತಿವೆ ಎಂದರ್ಥ. 100ರ ಪ್ಲಾನಿಗೆ ಹೋದರೂ ಆ ಕೋಣೆಯಲ್ಲಿ 9ರ ಆಸುಪಾಸಿನಲ್ಲೇ ಇರುತ್ತದೆ. ರೂಟರನ್ನು ಮನೆಯ ನಡುವಿಗೆ ತರುವುದು, ಇಲ್ಲವೇ ಆ ಕೋಣೆಗೊಂದು ಕೇಬಲ್ ಎಳೆಸುವುದು ಇದಕ್ಕೆ ದಾರಿ.

ವೇಗದ ಲೆಕ್ಕ ಮುಗಿದರೂ ತಿಂಗಳ ಡೇಟಾದ ಲೆಕ್ಕ ಉಳಿಯುತ್ತದೆ. ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೂ ಎಫ್‌ಯುಪಿ ಎಂಬ ಮಿತಿ ಇರುತ್ತದೆ. ಹೆಸರಾಂತ ಫೈಬರ್ ಪ್ಲಾನುಗಳಲ್ಲಿ ಅದು ಸಾಮಾನ್ಯವಾಗಿ 3,300 ಜಿಬಿ, 5ಜಿ ವೈರ್‌ಲೆಸ್ ಸಂಪರ್ಕಗಳಲ್ಲಿ 1,000 ಜಿಬಿ. ಒಂದು ಎಂಬಿಪಿಎಸ್ ಒಂದು ಗಂಟೆ ಹರಿದರೆ 0.45 ಜಿಬಿ. ಈ ಒಂದು ಸಂಖ್ಯೆ ನೆನಪಿದ್ದರೆ ಉಳಿದದ್ದು ಗುಣಾಕಾರ. ನಮ್ಮ ಮನೆಯಲ್ಲಿ ಟಿವಿ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ ಸುಮಾರು 430 ಜಿಬಿ. ತಾಯಿಗೆ 22 ದಿನ, ದಿನಕ್ಕೆ ಮೂರು ಗಂಟೆ ಮೀಟಿಂಗ್ ಇದ್ದರೆ ಹೋಗುವುದೂ ಬರುವುದೂ ಸೇರಿ 230. ತರಗತಿ, ಯೂಟ್ಯೂಬ್, ಅಜ್ಜಿಯ ಕರೆ ಎಲ್ಲ ಸೇರಿ 200 ಎನ್ನೋಣ. ಇನ್ನು ಗೇಟಿನ ಕ್ಯಾಮೆರಾ. ಬರೀ 2 ಎಂಬಿಪಿಎಸ್, ಆದರೆ 24 ಗಂಟೆ, 30 ದಿನ. ಅದೊಂದೇ 648 ಜಿಬಿ.

ಯಾರ ಗಮನಕ್ಕೂ ಬಾರದ ಆ ಕ್ಯಾಮೆರಾ ಟಿವಿಗಿಂತ ಒಂದೂವರೆ ಪಟ್ಟು ಡೇಟಾ ನುಂಗುತ್ತದೆ. ಎಫ್‌ಯುಪಿ ಲೆಕ್ಕದಲ್ಲಿ ಸಾಮಾನ್ಯವಾಗಿ ಅಪ್‌ಲೋಡ್ ಕೂಡ ಸೇರುವುದರಿಂದ ಒಟ್ಟು 1,500 ಜಿಬಿ ದಾಟುತ್ತದೆ. ಫೈಬರ್ ಮಿತಿಯೊಳಗೆ ಇದು ಸಲೀಸು. 1,000 ಜಿಬಿ ಪ್ಲಾನಿನಲ್ಲಿ ತಿಂಗಳ ಇಪ್ಪತ್ತನೆಯ ತಾರೀಖಿಗೆ ಮಿತಿ ಮುಗಿದು ವೇಗ ಕುಸಿಯುತ್ತದೆ. ಭಾರತದಲ್ಲಿ ‘ಬ್ರಾಡ್‌ಬ್ಯಾಂಡ್’ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಲಾಯಿತು. ಮಿತಿ ದಾಟಿದ ಮೇಲೆ ಸಿಗುವುದು ಅಷ್ಟೇ ಆದರೆ ತಾಯಿಯ ಒಂದು ಮೀಟಿಂಗಿಗೂ ಅದು ಸಾಲದು. ಓಡಾಟ ಕಂಡಾಗ ಮಾತ್ರ ಚಿತ್ರ ಕಳಿಸುವಂತೆ ಕ್ಯಾಮೆರಾವನ್ನು ಬದಲಿಸಿದರೆ, ಅಥವಾ ಅದರೊಳಗೇ ಮೆಮೊರಿ ಕಾರ್ಡ್ ಹಾಕಿದರೆ, ಆ 648ರಲ್ಲಿ ಬಹುಪಾಲು ಉಳಿಯುತ್ತದೆ.

ಹಣ ಕಟ್ಟುವ ಮೊದಲು ಕಂಪನಿಯವರಿಂದ ಮೂರು ಸಂಖ್ಯೆ ಕೇಳಿ ಬರೆದುಕೊಳ್ಳಿ: ಅಪ್‌ಲೋಡ್ ವೇಗ ಎಷ್ಟು, ಎಫ್‌ಯುಪಿ ಎಷ್ಟು, ಅದು ಮುಗಿದ ಮೇಲೆ ವೇಗ ಎಷ್ಟು. ಹೇಳಿದ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಕೇಳಿ. ವರ್ಷದ ಪ್ಲಾನಿಗೆ ರಿಯಾಯಿತಿ ಎಂದರೂ ಮೊದಲು ಒಂದು ತಿಂಗಳಿಗೆ ಮಾತ್ರ ತೆಗೆದುಕೊಳ್ಳಿ. ಬೀದಿಯವರೆಲ್ಲ ಒಟ್ಟಿಗೆ ಬಳಸುವ ಹೊತ್ತಿನಲ್ಲಿ ವೇಗ ಇಳಿಯುವ ಸಂಪರ್ಕಗಳಿವೆ, ಬೆಳಿಗ್ಗೆ ಹನ್ನೊಂದಕ್ಕೆ ಅಳೆದರೆ ಅದು ಕಾಣುವುದಿಲ್ಲ. ಬೇರೆ ಬೇರೆ ದಿನ ರಾತ್ರಿ ಎಂಟಕ್ಕೆ, ಟಿವಿ ಮತ್ತು ಮೊಬೈಲುಗಳ ಬಳಕೆ ನಿಲ್ಲಿಸಿ, ಕೇಬಲ್ ಜೋಡಿಸಿ ಅಳೆಯಿರಿ. ಎರಡೂ ಕಾಲಮ್ಮಿನಲ್ಲಿ ನೀವು ಬರೆದಿಟ್ಟುಕೊಂಡ ಸಂಖ್ಯೆಗಿಂತ ಹೆಚ್ಚು ಬರುತ್ತಿದ್ದರೆ ವರ್ಷದ ಪ್ಲಾನಿಗೆ ಬದಲಾಯಿಸಿಕೊಳ್ಳಬಹುದು.